ಎಷ್ಟು ಆಂಪಿಯರ್ ಅಂತ ಆಮೇಲೆ ಕೇಳಿ, ಯಾವ ತಿಂಗಳದ್ದು ಅಂತ ಮೊದಲು ಕೇಳಿ

ನಂಜನಗೂಡಿನಲ್ಲಾಗಲಿ ಟಿ. ನರಸೀಪುರದಲ್ಲಾಗಲಿ ಒಂದು ಬ್ಯಾಟರಿ ಅಂಗಡಿ ಮುಂದೆ ಅರ್ಧ ಗಂಟೆ ನಿಂತರೆ ಸಾಕು, ಕಾರಿಗೆ ಹೊಸ ಬ್ಯಾಟರಿ ಹಾಕಿಸೋಕೆ ಬಂದವರು ಕೇಳುವ ಮೂರು ಪ್ರಶ್ನೆಗಳು ನಿಮಗೂ ಬಾಯಿಪಾಠ ಆಗಿಬಿಡುತ್ತವೆ. ಎಷ್ಟು ಆಂಪಿಯರ್ದು? ಎಷ್ಟು ವರ್ಷ ವಾರಂಟಿ? ಹಳೇದಕ್ಕೆ ಎಷ್ಟು ಹಿಡೀತೀರಿ? ಮೂರಕ್ಕೂ ಉತ್ತರ ಸಿಕ್ಕಿದ ಮೇಲೆ ಬಾನೆಟ್ ತೆಗೆದು ಬ್ಯಾಟರಿ ಕೂರಿಸಿ, ಕಾರ್ಡಿಗೆ ಸೀಲ್ ಹೊಡೆಸಿಕೊಂಡು ಹೊರಡುತ್ತಾರೆ. ಆ ಬ್ಯಾಟರಿ ಕಾರ್ಖಾನೆಯಿಂದ ಯಾವ ತಿಂಗಳು ಹೊರಬಿತ್ತು ಅಂತ ಕೇಳುವವರು ಬಹಳ ಕಡಿಮೆ.

ನಮ್ಮ ವಾದ ಇಷ್ಟೇ: ನಮ್ಮಂಥ ಊರುಗಳಲ್ಲಿ ಆ ಕೇಳದೇ ಬಿಟ್ಟ ಪ್ರಶ್ನೆಯೇ ಮೊದಲು ಬರಬೇಕು. ಆಂಪಿಯರ್ ಅವರ್ ಅನ್ನೋದು ಕಾರು ತಯಾರಿಸಿದವರು ಆಗಲೇ ನಿರ್ಧರಿಸಿ ಕೊಟ್ಟಿರುವ ವಿಷಯ, ಅಲ್ಲಿ ನಮಗೆ ಆಯ್ಕೆ ಹೆಚ್ಚಿಲ್ಲ. ವಾರಂಟಿಯ ತಿಂಗಳುಗಳಲ್ಲಿ ಅರ್ಧದಷ್ಟು ಹೆಸರಿಗೆ ಮಾತ್ರ. ತಯಾರಾದ ತಿಂಗಳು ಮಾತ್ರ ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ನಿಜವಾಗಿ ಬದಲಾಗುತ್ತೆ, ಮತ್ತು ಅದನ್ನು ನೋಡಿ ಆರಿಸೋಕೆ ಒಂದು ಪೈಸೆ ಖರ್ಚಿಲ್ಲ.

ಇದನ್ನು ಊರಿನ ಹೆಸರು ಹಿಡಿದು ಹೇಳೋದಕ್ಕೆ ಕಾರಣ ಇದೆ. ಮೈಸೂರಿನ ದೊಡ್ಡ ಡೀಲರ್ ಹತ್ತಿರ ಸರಕು ಬೇಗ ಬೇಗ ಖಾಲಿಯಾಗುತ್ತೆ. ನಮ್ಮ ತಾಲ್ಲೂಕು ಕೇಂದ್ರಗಳ ಅಂಗಡಿಯಲ್ಲಿ ಓಡುವ ಮಾಲು ಬೇರೆ: ಬೈಕಿನ ಬ್ಯಾಟರಿ, ಯುಪಿಎಸ್ ಬ್ಯಾಟರಿ, ಟ್ರ್ಯಾಕ್ಟರ್ ಮತ್ತು ಗೂಡ್ಸ್ ಆಟೋ ಬ್ಯಾಟರಿ. ಕಾರಿನವುಗಳಲ್ಲಿ 35 ಎಎಚ್ ಒಂದು ಮಟ್ಟಕ್ಕೆ ಓಡುತ್ತೆ. ಉಳಿದ ಅಳತೆಗಳು ‘ಯಾರಾದ್ರೂ ಕೇಳಿದ್ರೆ ಇರಲಿ’ ಅಂತ ತರಿಸಿಟ್ಟ ಒಂದೋ ಎರಡೋ. ಅವು ತಗಡಿನ ಮಾಡಿನ ಕೆಳಗೆ, ಮೇಲಿನ ಅಟ್ಟದಲ್ಲಿ, ಒಂದು ಬೇಸಿಗೆ ಪೂರ್ತಿ ಕಳೆದಿದ್ದರೂ ಆಶ್ಚರ್ಯವಿಲ್ಲ. ಅಂಗಡಿಯವರು ಮೋಸಗಾರರು ಅಂತ ನಾವು ಹೇಳ್ತಿಲ್ಲ. ಸಣ್ಣ ಊರಿನ ವ್ಯಾಪಾರದ ವೇಗವೇ ಅಷ್ಟು.

ಇನ್ನೊಂದು ಕಡೆ ನಮ್ಮ ಕಾರುಗಳು ಓಡುವ ರೀತಿಯೂ ಬೇರೆ. ದಿನಾ ಆಫೀಸಿಗೆ ಹೋಗಿ ಬರುವ ಕಾರಲ್ಲ ಅದು. ಅಮಾವಾಸ್ಯೆಗೆ ಶ್ರೀಕಂಠೇಶ್ವರನ ದೇವಸ್ಥಾನ, ಯಾರದೋ ಮದುವೆ, ಆಸ್ಪತ್ರೆಗೆ ಅಂತ ಮೈಸೂರು. ಉಳಿದಂತೆ ಮನೆ ಮುಂದೆ ಚಪ್ಪರದ ಕೆಳಗೆ ನಿಂತಿರುತ್ತೆ. ಹೀಗೆ ನಿಂತೇ ಇರುವ ಕಾರನ್ನು ರಾತ್ರಿ ಒಂದು ಗಂಟೆಗೆ, ಅಜ್ಜನಿಗೆ ಉಸಿರಾಟ ಕಷ್ಟವಾದಾಗ, ಒಂದೇ ಸಲಕ್ಕೆ ಸ್ಟಾರ್ಟ್ ಮಾಡಬೇಕಾಗುತ್ತೆ. ‘ಕಟ್ ಕಟ್’ ಅಂತ ರಿಲೇ ಸದ್ದು ಮಾತ್ರ ಬಂದರೆ ಏನು ಮಾಡೋದು? ಪಕ್ಕದ ಮನೆಯವರನ್ನೆಲ್ಲ ಎಬ್ಬಿಸಿ ತಳ್ಳಿಸಬಹುದು, ಆದರೆ ಎಲ್ಲ ರಾತ್ರಿಯೂ ತಳ್ಳುವವರು ಸಿಗಲ್ಲ.

ಮೊದಲು ಆಂಪಿಯರ್ ಅವರ್ ಲೆಕ್ಕ ಮುಗಿಸೋಣ, ಯಾಕಂದ್ರೆ ಎಲ್ಲರೂ ಅಲ್ಲಿಂದಲೇ ಶುರು ಮಾಡ್ತಾರೆ. 35 ಎಎಚ್ ಅಂದರೆ ಬ್ಯಾಟರಿ 35 ಆಂಪಿಯರ್ ಕೊಡುತ್ತೆ ಅಂತಲ್ಲ. ಕಾರಿನ ಬ್ಯಾಟರಿಯ ಈ ಸಂಖ್ಯೆಯನ್ನು ಸಾಮಾನ್ಯವಾಗಿ 20 ಗಂಟೆಯ ಲೆಕ್ಕದಲ್ಲಿ ಕೊಡುತ್ತಾರೆ. ಪೂರ್ತಿ ಚಾರ್ಜ್ ಆದ ಬ್ಯಾಟರಿಯಿಂದ 1.75 ಆಂಪಿಯರ್ ಎಳೆಯುತ್ತಾ ಹೋದರೆ, ವೋಲ್ಟೇಜ್ 10.5ಕ್ಕೆ ಇಳಿಯುವಷ್ಟರಲ್ಲಿ 20 ಗಂಟೆ ಆಗಿರಬೇಕು. 1.75 ಗುಣಿಸು 20, 35 ಆಯಿತು. ಅದನ್ನೇ ಜೋರಾಗಿ ಎಳೆದರೆ ಅಷ್ಟು ಸಿಗಲ್ಲ.

ಈಗ ಸ್ಟಾರ್ಟ್ ಮಾಡೋದಕ್ಕೆ ಎಷ್ಟು ಬೇಕು ನೋಡಿ. ಒಂದು ಸಣ್ಣ ಪೆಟ್ರೋಲ್ ಎಂಜಿನ್ ಸೆಲ್ಫ್ ಹೊಡೆಯುವಾಗ 150 ಆಂಪಿಯರ್ ಎಳೆದು, ಒಂದು ಸೆಕೆಂಡಿನಲ್ಲಿ ಹತ್ತಿಕೊಂಡಿತು ಅಂತ ಇಟ್ಟುಕೊಳ್ಳಿ. 150 ಭಾಗಿಸು 3600. ಅಂದರೆ 0.04 ಎಎಚ್! 35ರಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ. ಹಾಗಾಗಿ ‘ಎಎಚ್ ಜಾಸ್ತಿ ಇದ್ರೆ ಸ್ಟಾರ್ಟಿಂಗ್ ಜೋರು’ ಅನ್ನುವ ಮಾತು ನೇರವಾಗಿ ನಿಜವಲ್ಲ. ಸ್ಟಾರ್ಟಿಂಗ್ ಜೋರು ನಿರ್ಧಾರ ಆಗೋದು ಬ್ಯಾಟರಿಯ ಒಳಗಿನ ರೋಧದಿಂದ. ಅದಕ್ಕೆ ಸಂಬಂಧಿಸಿದ ಸಂಖ್ಯೆ ಲೇಬಲ್ ಮೇಲೆ ಸಿಸಿಎ ಅಂತ ಬೇರೆಯೇ ಇರುತ್ತೆ. ಒಂದೇ ಎಎಚ್ ಇರುವ ಎರಡು ಬ್ಯಾಟರಿಗಳಲ್ಲಿ ಒಂದನ್ನು ಆರಿಸಬೇಕಾದರೆ ಆ ಸಂಖ್ಯೆ ಹೆಚ್ಚಿರುವುದನ್ನು ತೆಗೆದುಕೊಳ್ಳಿ, ಅಷ್ಟು ಸಾಕು.

ಹಾಗಾದರೆ ಎಎಚ್ ಯಾತಕ್ಕೆ? ಕಾರು ನಿಂತಿರುವಾಗ ಬದುಕಿರೋದಕ್ಕೆ. ಬೀಗ ಹಾಕಿ ನಿಲ್ಲಿಸಿದ ಕಾರೂ ಕರೆಂಟ್ ಕುಡೀತಾನೇ ಇರುತ್ತೆ. ಗಡಿಯಾರ, ಸೆಂಟ್ರಲ್ ಲಾಕ್, ಅಲಾರಂ, ಮ್ಯೂಸಿಕ್ ಸಿಸ್ಟಂನ ನೆನಪು, ಎಲ್ಲ ಸೇರಿ ಸಾಮಾನ್ಯವಾಗಿ 20ರಿಂದ 50 ಮಿಲಿ ಆಂಪಿಯರ್. 30 ಅಂತ ಹಿಡಿದರೆ ದಿನಕ್ಕೆ 0.72 ಎಎಚ್. ನೋಡೋಕೆ ಏನೂ ಅಲ್ಲ. ಆದರೆ ಮೂರು ವಾರ ನಿಂತರೆ 15 ಎಎಚ್ ಹೋಯಿತು. 35ರಲ್ಲಿ ನಲವತ್ತು ಪರ್ಸೆಂಟಿಗಿಂತ ಜಾಸ್ತಿ. ಹೊರಗಿನಿಂದ ತಂದು ಹಾಕಿಸಿದ ಜಿಪಿಎಸ್ ಟ್ರ್ಯಾಕರ್ ಅಥವಾ ಡ್ಯಾಶ್ ಕ್ಯಾಮೆರಾ ಇದ್ದರಂತೂ ಲೆಕ್ಕ ಇನ್ನೂ ಕೆಡುತ್ತೆ.

‘ಹಂಗಾದ್ರೆ 35 ತೆಗೆದು 45 ಹಾಕ್ಬಿಡಣ’ ಅನ್ನೋದು ಸಹಜ. ಅಂಗಡಿಯಲ್ಲಿ ಇದಕ್ಕೆ ಎರಡು ಥರದ ಉತ್ತರ ಬರುತ್ತೆ. ಒಬ್ಬರು ‘ಹಾಕಿ ಸಾರ್, ಜಾಸ್ತಿ ಇದ್ರೆ ಒಳ್ಳೇದೇ’ ಅಂತಾರೆ. ಇನ್ನೊಬ್ಬರು ‘ಆಲ್ಟರ್ನೇಟರ್ ಸುಟ್ಟುಹೋಗುತ್ತೆ’ ಅಂತ ಹೆದರಿಸ್ತಾರೆ. ನಮ್ಮ ಪ್ರಕಾರ ಎರಡೂ ಅರ್ಧ ಸತ್ಯ. ಆಲ್ಟರ್ನೇಟರ್ ವೋಲ್ಟೇಜನ್ನು 14ರ ಆಸುಪಾಸಿನಲ್ಲಿ ಹಿಡಿದಿಡುತ್ತೆ. ಬ್ಯಾಟರಿಯಿಂದ ಎಷ್ಟು ಖರ್ಚಾಗಿದೆಯೋ ಅಷ್ಟನ್ನು ಮತ್ತೆ ತುಂಬಬೇಕು, ಡಬ್ಬಿ ದೊಡ್ಡದಾಯಿತು ಅಂತ ಖರ್ಚು ಹೆಚ್ಚಾಗಲ್ಲ. ಹತ್ತು ಎಎಚ್ ಹೆಚ್ಚಿದ ಮಾತ್ರಕ್ಕೆ ಅದು ಸುಡಲ್ಲ. ನಿಜವಾದ ತೊಂದರೆ ಬಡಗಿ ಲೆಕ್ಕದ್ದು: ಟ್ರೇ ಒಳಗೆ ಕೂರುತ್ತಾ, ಮೇಲಿನ ಕ್ಲ್ಯಾಂಪ್ ಬಿಗಿಯಾಗುತ್ತಾ, ಬಾನೆಟ್ ಮುಚ್ಚಿದಾಗ ಟರ್ಮಿನಲ್‌ಗೆ ತಗಲುತ್ತಾ, ಪ್ಲಸ್ ಕಂಬ ಯಾವ ಕಡೆ ಇದೆ, ಕೇಬಲ್ ಎಟುಕುತ್ತಾ, ಕಂಬ ದಪ್ಪವೋ ಸಣ್ಣವೋ. ಲೇಬಲ್‌ನ 38ಬಿ20ಎಲ್ ಅನ್ನುವಂಥ ಬರಹದಲ್ಲಿ 20 ಅಂದರೆ ಸುಮಾರು 20 ಸೆಂಟಿಮೀಟರ್ ಉದ್ದ, ಕೊನೆಯ ಅಕ್ಷರ ಕಂಬಗಳು ಯಾವ ಕಡೆ ಅನ್ನೋದಕ್ಕೆ. ಮೊದಲಿನ 38 ಎಎಚ್ ಅಲ್ಲ, ಅದನ್ನು ಎಎಚ್ ಅಂದುಕೊಂಡು ‘35ಕ್ಕಿಂತ 3 ಜಾಸ್ತಿ ಸಿಕ್ತು’ ಅಂತ ಖುಷಿಪಡಬೇಡಿ. ಕ್ಲ್ಯಾಂಪ್ ಸಡಿಲ ಇರುವ ಬ್ಯಾಟರಿ ನಮ್ಮ ಹಳ್ಳಿ ರಸ್ತೆಯ ಹಂಪುಗಳಲ್ಲಿ ಕುಲುಕಿ ಕುಲುಕಿ, ಪ್ಲೇಟಿನ ಲೇಪ ಉದುರಿ ಬೇಗ ಸಾಯುತ್ತೆ. ಹಾಗಾಗಿ ನಮ್ಮ ಸಲಹೆ: ಕಾರಿನ ಪುಸ್ತಕ ನೋಡಿ. ನಿಮ್ಮ ಮಾಡೆಲ್‌ಗೆ ಕಂಪನಿಯೇ ಎರಡು ಅಳತೆ ಹೇಳಿದ್ದರೆ ಮತ್ತು ಕಾರು ಹೆಚ್ಚು ನಿಲ್ಲುವಂಥದ್ದಾದರೆ ದೊಡ್ಡದನ್ನೇ ಹಾಕಿಸಿ. ಒಂದೇ ಅಳತೆ ಹೇಳಿದ್ದರೆ ಅದಕ್ಕೆ ನಿಲ್ಲಿ. ಸಿಗ್ನಲ್‌ನಲ್ಲಿ ತಾನಾಗಿಯೇ ಎಂಜಿನ್ ಆಫ್ ಆಗಿ ಆನ್ ಆಗುವ ಕಾರಾಗಿದ್ದರೆ ಅದಕ್ಕೇ ಅಂತ ಮಾಡಿದ ಬ್ಯಾಟರಿ ಬೇರೆ ಇದೆ. ಅಲ್ಲಿ ಸಾಧಾರಣದ್ದು ಹಾಕಿ ಸಾವಿರ ರೂಪಾಯಿ ಉಳಿಸೋಕೆ ಹೋಗಬೇಡಿ.

ಈಗ ನಮ್ಮ ಮುಖ್ಯ ವಿಷಯ. ಸೀಸ–ಆಮ್ಲದ ಬ್ಯಾಟರಿ ಅಕ್ಕಿ ಮೂಟೆ ಥರ ಸುಮ್ಮನೆ ಕೂತಿರಲ್ಲ. ಯಾರೂ ಮುಟ್ಟದಿದ್ದರೂ ಒಳಗೊಳಗೇ ಖಾಲಿಯಾಗುತ್ತಿರುತ್ತೆ. ಈಗಿನ ಮೇಂಟೆನೆನ್ಸ್ ಫ್ರೀ ಬ್ಯಾಟರಿಗಳಲ್ಲಿ ಸಾಧಾರಣ ಉಷ್ಣಾಂಶದಲ್ಲಿ ತಿಂಗಳಿಗೆ ಸುಮಾರು ನೂರಕ್ಕೆ ಮೂರರಿಂದ ಐದು ಅಂತ ಹಿಡಿಯಬಹುದು. ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ಈ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತೆ. ಏಪ್ರಿಲ್‌ನಲ್ಲಿ ತಗಡಿನ ಕೆಳಗೆ ಎಷ್ಟಿರುತ್ತೆ ಅಂತ ನಿಮಗೇ ಗೊತ್ತು. ಖಾಲಿಯಾಗುವುದಷ್ಟೇ ಆಗಿದ್ದರೆ ಚಾರ್ಜ್ ಹಾಕಿ ತುಂಬಬಹುದಿತ್ತು. ಆದರೆ ಖಾಲಿಯಾಗುವಾಗ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತೆ. ಬೇಗ ಚಾರ್ಜ್ ಮಾಡಿದರೆ ಅದು ಕರಗಿ ವಾಪಸ್ ಹೋಗುತ್ತೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಹರಳು ದೊಡ್ಡದಾಗಿ ಗಟ್ಟಿಯಾಗುತ್ತೆ, ಆಮೇಲೆ ಎಷ್ಟು ಚಾರ್ಜ್ ಹಾಕಿದರೂ ಆ ಭಾಗ ಕೆಲಸಕ್ಕೆ ಬರಲ್ಲ. ಲೇಬಲ್ ಮೇಲೆ 35 ಅಂತಲೇ ಇರುತ್ತೆ, ಒಳಗೆ ಇರೋದು ಮೂವತ್ತೋ ಇಪ್ಪತ್ತೈದೋ.

ನಮ್ಮಲ್ಲೊಬ್ಬನ ದೊಡ್ಡಪ್ಪನ ಮನೆ ಟಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿ. ಕಾರು 35 ಎಎಚ್‌ನದು, ತಿಂಗಳಿಗೆ ಒಂದೆರಡು ಸಲ ಹೊರಡುತ್ತೆ. ಅವರಿಗೆ ಬ್ಯಾಟರಿ ಆರಿಸುವಾಗ ನಾವು ಹಾಕಿದ ಲೆಕ್ಕ ಇಲ್ಲಿ ಕೊಡ್ತೀವಿ. ಸ್ಟಾರ್ಟ್ ಆಗುತ್ತೆ ಅಂತ ನಂಬಬೇಕಾದರೆ ಬ್ಯಾಟರಿಯಲ್ಲಿ ಅರ್ಧ ಉಳಿದಿರಲಿ ಅಂತ ಇಟ್ಟುಕೊಂಡೆವು. ಹೊಸ 35 ಎಎಚ್ ಬ್ಯಾಟರಿಯಲ್ಲಿ ಖರ್ಚು ಮಾಡಬಹುದಾದ್ದು 17.5. ದಿನಕ್ಕೆ 0.72ರಂತೆ 24 ದಿನ. ಸಲ್ಫೇಟ್ ಕೂತು 25ಕ್ಕೆ ಇಳಿದ ಬ್ಯಾಟರಿಯಲ್ಲಿ 12.5, ಅಂದರೆ 17 ದಿನ. ಮೂರು ವಾರ ಅಂದರೆ 21 ದಿನ ನಿಲ್ಲುವ ಕಾರಿಗೆ ಒಂದು ಬ್ಯಾಟರಿ ಸಾಕು, ಇನ್ನೊಂದು ಸಾಲದು. ಎರಡರ ಲೇಬಲ್ ಒಂದೇ, ಬೆಲೆ ಒಂದೇ, ಕಾರ್ಡ್ ಮೇಲಿನ ತಿಂಗಳೂ ಒಂದೇ! (ಬಿಡಿ, ಸ್ಪ್ಯಾನರ್ ಹಿಡಿದು ಮೈನಸ್ ಕೇಬಲ್ ಬಿಚ್ಚಿಟ್ಟರೆ ಈ 0.72 ಪೂರ್ತಿ ಉಳಿಯುತ್ತೆ. ದೊಡ್ಡಪ್ಪನಿಗೆ ಅದನ್ನೂ ಹೇಳಿದೆವು. ‘ಗಡಿಯಾರ ಪ್ರತಿ ಸಲ ಸೆಟ್ ಮಾಡೋರ್ಯಾರು ಹೋಗ್ರಯ್ಯ’ ಅಂದರು.)

ತಯಾರಾದ ತಿಂಗಳನ್ನು ಓದೋದು ಹೇಗೆ? ಮೊದಲು ಸುಲಭದ ದಾರಿ. 2011ರ ಲೀಗಲ್ ಮೆಟ್ರಾಲಜಿ ಪೊಟ್ಟಣ ಸರಕುಗಳ ನಿಯಮದ ಪ್ರಕಾರ ಪ್ಯಾಕ್ ಮಾಡಿದ ಸರಕಿನ ಮೇಲೆ ಎಂಆರ್‌ಪಿ ಜೊತೆಗೆ ತಿಂಗಳು, ವರ್ಷ ಇರಬೇಕು. ಬ್ಯಾಟರಿಯ ರಟ್ಟಿನ ಡಬ್ಬದ ಮೇಲೆ ಆ ಚೀಟಿ ಇರುತ್ತೆ. ತೊಂದರೆ ಏನಂದ್ರೆ, ಅಂಗಡಿಯಲ್ಲಿ ಬ್ಯಾಟರಿ ಒಂದು ಕಡೆ, ಡಬ್ಬ ಇನ್ನೊಂದು ಕಡೆ. ಹಾಗಾಗಿ ಡಬ್ಬದ ಚೀಟಿಯ ಸೀರಿಯಲ್ ನಂಬರ್ರೂ ಬ್ಯಾಟರಿ ಮೈಮೇಲಿನ ನಂಬರ್ರೂ ಒಂದೇನಾ ಅಂತ ತಾಳೆ ನೋಡಿ. ಡಬ್ಬ ‘ಎಸೆದ್ಬಿಟ್ವಿ’ ಅಂದರೆ ಬ್ಯಾಟರಿಯ ಮೇಲಿನ ಸಂಕೇತ ಓದಬೇಕು. ಅದು ಮುಚ್ಚಳದ ಪ್ಲಾಸ್ಟಿಕ್ ಮೇಲೆ ಒತ್ತಿರಬಹುದು, ಪಕ್ಕದಲ್ಲಿ ಸಣ್ಣ ಸ್ಟಿಕ್ಕರ್ ಇರಬಹುದು. ಎಲ್ಲ ಕಂಪನಿಗಳಿಗೂ ಒಂದೇ ಲಿಪಿ ಇಲ್ಲ. ಕೆಲವರು ತಿಂಗಳು–ವರ್ಷವನ್ನು ಅಂಕಿಯಲ್ಲೇ ಹಾಕುತ್ತಾರೆ. ಕೆಲವರು ತಿಂಗಳಿಗೆ ಅಕ್ಷರ, ವರ್ಷಕ್ಕೆ ಕೊನೆಯ ಅಂಕಿ ಇಡುತ್ತಾರೆ: ಎ ಅಂದರೆ ಜನವರಿ, ಬಿ ಫೆಬ್ರವರಿ, ಹಾಗೇ ಮುಂದಕ್ಕೆ. ಸಿ5 ಅಂತಿದ್ದರೆ ಮಾರ್ಚ್ 2025. ಇಲ್ಲೊಂದು ಸೂಕ್ಷ್ಮ ಇದೆ. ಐ ಅಕ್ಷರ ಒಂದು ಅಂಕಿಯ ಥರ ಕಾಣುತ್ತೆ ಅಂತ ಅದನ್ನು ಬಿಟ್ಟು ಎಣಿಸುವ ಪದ್ಧತಿಯೂ ಉಂಟು. ಆಗ ಜೆ ಅನ್ನೋದು ಅಕ್ಟೋಬರ್ ಬದಲು ಸೆಪ್ಟೆಂಬರ್ ಆಗುತ್ತೆ. ಒಂದು ತಿಂಗಳ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಅಂಗಡಿಯವರಿಗೇ ಸಂಕೇತ ಓದೋಕೆ ಬರದಿದ್ದರೆ, ಚೀಟಿಯ ಮೇಲಿರುವ ಗ್ರಾಹಕ ಸೇವೆಯ ನಂಬರಿಗೆ ಅಲ್ಲೇ ನಿಂತು ಫೋನ್ ಮಾಡಿ ಸೀರಿಯಲ್ ನಂಬರ್ ಹೇಳಿ ಕೇಳಿ. ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಮಾಡಿಕೊಂಡರೆ ಅದೂ ಒಂದು ಉತ್ತರವೇ.

ತಿಂಗಳು ಗೊತ್ತಾದ ಮೇಲೆ ನಮ್ಮ ಅಳತೆಗೋಲು ಹೀಗಿದೆ. ಮೂರು ತಿಂಗಳೊಳಗಿನದಾದರೆ ಕಣ್ಣು ಮುಚ್ಚಿ ತಗೊಳ್ಳಿ. ಮೂರರಿಂದ ಆರು ತಿಂಗಳಿನದಾದರೆ ವೋಲ್ಟೇಜ್ ನೋಡಿ ತಗೊಳ್ಳಿ. ಆರು ತಿಂಗಳು ದಾಟಿದ್ದರೆ ನಡುವೆ ಚಾರ್ಜ್ ಹಾಕಿದ್ದೀರಾ ಅಂತ ಕೇಳಿ. ಇಲ್ಲ ಅಂದರೆ ಬೆಲೆ ಎಷ್ಟು ಇಳಿಸಿದರೂ ಬೇಡ. ಇದು ಯಾವ ಕಂಪನಿಯ ನಿಯಮವೂ ಅಲ್ಲ, ಮೇಲಿನ ರಸಾಯನಶಾಸ್ತ್ರದಿಂದ ನಾವು ಹಾಕಿಕೊಂಡ ಗೆರೆ. ಎರಡು ಮೂರು ತಿಂಗಳಿಗೊಮ್ಮೆ ಸ್ಟಾಕ್‌ಗೆಲ್ಲ ಚಾರ್ಜ್ ಹಾಕುವ ಅಂಗಡಿಯವರಿದ್ದರೆ ಅವರ ಏಳು ತಿಂಗಳ ಬ್ಯಾಟರಿ, ಚಾರ್ಜರ್ ಮುಖವನ್ನೇ ನೋಡದ ನಾಲ್ಕು ತಿಂಗಳ ಬ್ಯಾಟರಿಗಿಂತ ವಾಸಿ.

ವೋಲ್ಟೇಜ್ ನೋಡೋದು ಎರಡು ನಿಮಿಷದ ಕೆಲಸ. ಲ್ಯಾಬಿನಲ್ಲಿ ದಿನಾ ಹಿಡಿಯುವ ಮಲ್ಟಿಮೀಟರ್ ಒಂದನ್ನು ಊರಿಗೆ ಹೋಗುವಾಗ ಬ್ಯಾಗಿಗೆ ಹಾಕಿಕೊಳ್ಳಿ. ಬ್ಯಾಟರಿಯನ್ನು ಕಾರಿಗೆ ಕೂರಿಸುವ ಮೊದಲೇ ಡಿಸಿ 20 ವೋಲ್ಟ್‌ಗೆ ತಿರುಗಿಸಿ ಎರಡೂ ಕಂಬಕ್ಕೆ ಮುಟ್ಟಿಸಿ. 12.6 ಅಥವಾ ಮೇಲಿದ್ದರೆ ಪೂರ್ತಿ ಚಾರ್ಜ್ ಇದೆ. 12.4 ಅಂದರೆ ಸುಮಾರು ಮುಕ್ಕಾಲು, 12.2 ಅಂದರೆ ಅರ್ಧ. ಹೊಸ ಬ್ಯಾಟರಿ 12.4ಕ್ಕಿಂತ ಕೆಳಗೆ ತೋರಿಸಿದರೆ ಅದು ಬಹಳ ದಿನ ಹಸಿದು ಕೂತಿದೆ ಅಂತಲೇ ಅರ್ಥ, ಬೇರೆ ತೆಗೆಸಿ. ‘ಒಂದ್ ಗಂಟೆ ಇರಿ ಸಾರ್, ಚಾರ್ಜ್‌ಗೆ ಹಾಕ್ಕೊಡ್ತೀನಿ’ ಅಂದರೆ ಒಪ್ಪಬೇಡಿ. ಚಾರ್ಜರ್‌ನಿಂದ ಆಗಷ್ಟೇ ಬಿಚ್ಚಿದ ಬ್ಯಾಟರಿ 13 ಬೇಕಾದರೂ ತೋರಿಸುತ್ತೆ, ಅದು ಮೇಲ್ಮೈಯ ಚಾರ್ಜ್. ಕೆಲವು ಗಂಟೆ ಸುಮ್ಮನೆ ಬಿಟ್ಟ ಮೇಲೆ ಸಿಗುವ ಓದು ನಿಜವಾದದ್ದು. ಈ ಪರೀಕ್ಷೆಗೂ ಒಂದು ಮಿತಿ ಇದೆ: ವೋಲ್ಟೇಜ್ ಹೇಳೋದು ಎಷ್ಟು ತುಂಬಿದೆ ಅಂತ, ಪಾತ್ರೆ ಎಷ್ಟು ದೊಡ್ಡದಾಗಿ ಉಳಿದಿದೆ ಅಂತಲ್ಲ. ಅದಕ್ಕೇ ತಿಂಗಳನ್ನೂ ವೋಲ್ಟೇಜನ್ನೂ ಜೊತೆಗಿಟ್ಟು ನೋಡಬೇಕು.

ಇಲ್ಲಿಗೆ ಬರುವಷ್ಟರಲ್ಲಿ ಅಂಗಡಿಯವರ ಒಂದು ಒಳ್ಳೆಯ ಪ್ರಶ್ನೆ ಕಾದಿರುತ್ತೆ. ‘ವಾರಂಟಿ ಶುರುವಾಗೋದು ಬಿಲ್ ಡೇಟಿಂದ. ಬ್ಯಾಟರಿ ಯಾವಾಗ ತಯಾರಾದ್ರೆ ನಿಮಗೇನ್ರೀ?’ ಕೇಳೋಕೆ ಸರಿಯಾಗೇ ಇದೆ. ನಮ್ಮ ಲೇಖನಕ್ಕೆ ಇದೊಂದೇ ಗಟ್ಟಿ ಎದುರುವಾದ, ಹಾಗಾಗಿ ಸ್ವಲ್ಪ ನಿಧಾನವಾಗಿ ಉತ್ತರ ಹೇಳ್ತೀವಿ.

ವಾರಂಟಿ ಕಾರ್ಡನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಅದು ಭರವಸೆ ಕೊಡೋದು ತಯಾರಿಕೆಯ ದೋಷಕ್ಕೆ: ಸೆಲ್ ಶಾರ್ಟ್, ಒಳಗಿನ ಜೋಡಣೆ ಬಿಟ್ಟುಹೋಗೋದು ಇಂಥವಕ್ಕೆ. ಬ್ಯಾಟರಿ ಡಿಸ್ಚಾರ್ಜ್ ಆಗಿದೆ ಅನ್ನೋದು ದೋಷವಲ್ಲ. ನೀವು ಡಲ್ ಆದ ಬ್ಯಾಟರಿ ತಂದುಕೊಟ್ಟರೆ ಅವರು ಚಾರ್ಜ್ ಹಾಕಿ, ಟೆಸ್ಟರ್ ಇಟ್ಟು ನೋಡಿ, ಓಕೆ ಬಂದರೆ ವಾಪಸ್ ಕೊಡ್ತಾರೆ. 35ರಿಂದ 25ಕ್ಕೆ ಇಳಿದ ಬ್ಯಾಟರಿ ಆ ಟೆಸ್ಟರ್ ಮುಂದೆ ಪಾಸಾಗಬಹುದು. ದಿನಾ ಓಡುವ ಕಾರಿನಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತೆ ಕೂಡ. ನಮ್ಮ ದೊಡ್ಡಪ್ಪನ ಕಾರಿನಲ್ಲಿ ಹದಿನೆಂಟನೇ ದಿನದಿಂದ ಕೈಕೊಡುತ್ತೆ. ಅಂದರೆ ಅಟ್ಟದ ಮೇಲೆ ಕೂತು ಕಳೆದುಕೊಂಡ ಶಕ್ತಿ ಯಾವ ಕಾರ್ಡಿನ ಲೆಕ್ಕಕ್ಕೂ ಬರಲ್ಲ. ಇನ್ನೊಂದು ಮಾತು: ಒಳ್ಳೆಯ ಬ್ಯಾಟರಿ ಉಚಿತ ವಾರಂಟಿ ಮುಗಿದ ಮೇಲೂ ಒಂದೆರಡು ವರ್ಷ ಓಡಬೇಕು. ನಮಗೆ ನಿಜವಾಗಿ ಲಾಭ ಆಗೋದು ಆ ವರ್ಷಗಳಿಂದಲೇ. ಹಳೇ ಸ್ಟಾಕ್ ಬ್ಯಾಟರಿಯಲ್ಲಿ ಮೊದಲು ಕತ್ತರಿ ಬೀಳೋದೂ ಅಲ್ಲೇ.

ಕಾರ್ಡ್ ಮುಂಭಾಗದ ದೊಡ್ಡ ಅಂಕಿಯ ಕತೆಯನ್ನೂ ಹೇಳಿಬಿಡ್ತೀವಿ. 60 ತಿಂಗಳು ಅಂತ ದಪ್ಪಗೆ ಬರೆದಿರುತ್ತೆ. ಬಿಡಿಸಿ ನೋಡಿದರೆ 30 ಮತ್ತು 30. ಮೊದಲ 30 ತಿಂಗಳಲ್ಲಿ ಕೆಟ್ಟರೆ ಉಚಿತವಾಗಿ ಬದಲಿ. ನಂತರದ 30 ಪ್ರೊ ರೇಟಾ, ಅಂದರೆ ಹೊಸದನ್ನು ಕೊಳ್ಳುವಾಗ ಎಂಆರ್‌ಪಿಯಲ್ಲಿ ಇಷ್ಟು ಪರ್ಸೆಂಟ್ ರಿಯಾಯಿತಿ, ತಿಂಗಳು ಕಳೆದಂತೆ ಅದೂ ಇಳಿಯುತ್ತಾ ಹೋಗುತ್ತೆ. ಇಲ್ಲಿ ಎಂಆರ್‌ಪಿ ಅನ್ನುವ ಮೂರು ಅಕ್ಷರದಲ್ಲೇ ಎಲ್ಲ ಅಡಗಿದೆ. ಯಾಕಂದ್ರೆ ಕಾರಿನ ಬ್ಯಾಟರಿಯನ್ನು ಎಂಆರ್‌ಪಿ ಕೊಟ್ಟು ಯಾರು ತಗೊಳ್ತಾರೆ?

ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಹಿಡಿದವು, ನಿಮ್ಮ ಕಾರ್ಡಿನವನ್ನು ಹಾಕಿಕೊಂಡು ನೋಡಿ. ಬ್ಯಾಟರಿ 40ನೇ ತಿಂಗಳು ಕೈಕೊಟ್ಟಿತು. ಆ ತಿಂಗಳಿಗೆ ಕಾರ್ಡಿನ ಪ್ರಕಾರ ರಿಯಾಯಿತಿ ನೂರಕ್ಕೆ 25. ಹೊಸದರ ಎಂಆರ್‌ಪಿ 5,400 ರೂಪಾಯಿ. 25 ಪರ್ಸೆಂಟ್ ಕಳೆದರೆ 4,050. ಕ್ಲೇಮ್ ಮಾಡಿದ ಹಳೇ ಬ್ಯಾಟರಿ ಕಂಪನಿಗೆ ಹೋಯಿತು, ಅದಕ್ಕೆ ಬೇರೆ ದುಡ್ಡಿಲ್ಲ. ಈಗ ಅದೇ ಹಳೇ ಬ್ಯಾಟರಿ ಹಿಡಿದು ಪಕ್ಕದ ಅಂಗಡಿಗೆ ಹೋದಿರಿ ಅಂದುಕೊಳ್ಳಿ. ಮಾಮೂಲಿ ಡಿಸ್ಕೌಂಟ್ ಕಳೆದು 4,700, ಹಳೇದಕ್ಕೆ ಸೀಸದ ತೂಕದ ಮೇಲೆ 600 ಹಿಡಿದರು. ಕೈಯಿಂದ ಕೊಟ್ಟಿದ್ದು 4,100. ಹತ್ತು ತಿಂಗಳ ಹಿಂದೆಯಷ್ಟೇ ಶುರುವಾದ ‘ಐದು ವರ್ಷದ ವಾರಂಟಿ’ಯ ಎರಡನೇ ಅರ್ಧ ನಿಮಗೆ ಕೊಟ್ಟಿದ್ದು 50 ರೂಪಾಯಿ. ನಂಜನಗೂಡಿನಿಂದ ಮೈಸೂರಿಗೆ ಬಸ್ಸಿನಲ್ಲಿ ಬ್ಯಾಟರಿ ಹೊತ್ತುಕೊಂಡು ಹೋಗಿ ಬಂದರೆ ಅದೂ ಉಳಿಯಲ್ಲ.

ಆದ್ದರಿಂದ ಹೋಲಿಸುವಾಗ ಒಟ್ಟು ತಿಂಗಳನ್ನು ಮರೆತು ಉಚಿತ ತಿಂಗಳಿಂದ ಮಾತ್ರ ಬೆಲೆಯನ್ನು ಭಾಗಿಸಿ. 4,000 ರೂಪಾಯಿಗೆ 30+30 ಒಂದು ಕಡೆ, 3,700ಕ್ಕೆ ಪೂರ್ತಿ 36 ಉಚಿತ ಇನ್ನೊಂದು ಕಡೆ ಇದ್ದರೆ, ಮೊದಲನೆಯದು ಉಚಿತ ತಿಂಗಳಿಗೆ 133 ರೂಪಾಯಿ, ಎರಡನೆಯದು 103. ಗೋಡೆಯ ಬೋರ್ಡಿನಲ್ಲಿ 60 ದೊಡ್ಡದಾಗಿ ಕಾಣುತ್ತೆ, ಆದರೂ ಕೊಳ್ಳಬೇಕಾದ್ದು 36. ಉಚಿತವಾಗಿ ಬದಲಿ ಕೊಟ್ಟ ಬ್ಯಾಟರಿಗೆ ವಾರಂಟಿ ಹೊಸದಾಗಿ ಶುರುವಾಗುತ್ತೆ ಅಂತಲೂ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಹಳೆಯದರಲ್ಲಿ ಉಳಿದಿದ್ದ ತಿಂಗಳಷ್ಟೇ ಅದಕ್ಕೆ. ಮತ್ತೆ ಹಳದಿ ಬೋರ್ಡಿನ ಗಾಡಿಗೆ ತಿಂಗಳು ಕಡಿಮೆ ಇರೋದು ಮಾಮೂಲು. ಟ್ಯಾಕ್ಸಿ ಓಡಿಸುವ ಅಣ್ಣಂದಿರು ಸ್ವಂತ ಗಾಡಿಯ ಕಾರ್ಡ್ ನೋಡಿ ಲೆಕ್ಕ ಹಾಕಬಾರದು.

ಮೈಸೂರಿಗೆ ಹೋಗಿಯೇ ತರಬೇಕಾ ಅಂತ ನೀವು ಕೇಳಬಹುದು. ಟಿ. ನರಸೀಪುರದಿಂದ ಸುಮಾರು ಮೂವತ್ತು ಕಿಲೋಮೀಟರ್, ನಂಜನಗೂಡಿನಿಂದ ಇಪ್ಪತ್ತೈದಕ್ಕೂ ಒಳಗೆ. ದೂರ ಏನಲ್ಲ. ಆದರೂ ಊರಿನ ಅಂಗಡಿಯಲ್ಲಿ ಮೂರು ತಿಂಗಳೊಳಗಿನ ಬ್ಯಾಟರಿ ಇದ್ದರೆ, ಇನ್ನೂರು ರೂಪಾಯಿ ಜಾಸ್ತಿ ಆದರೂ ಅಲ್ಲೇ ತಗೊಳ್ಳಿ ಅಂತ ನಮ್ಮ ಅಭಿಪ್ರಾಯ. ಉಚಿತ ಅವಧಿಯಲ್ಲಿ ಕೈಕೊಟ್ಟರೆ ಕಾರೇ ಓಡದ ಸ್ಥಿತಿಯಲ್ಲಿ ಹತ್ತು ಕೆಜಿ ತೂಕದ ಡಬ್ಬಿಯನ್ನು ಸಾಗಿಸಬೇಕು. ಚಾರ್ಜ್ ಹಾಕಿ ಪರೀಕ್ಷೆ ಮಾಡೋಕೆ ಒಂದೆರಡು ದಿನ ಇಟ್ಟುಕೊಳ್ತಾರೆ. ಅಷ್ಟು ದಿನಕ್ಕೆ ಹಳೇದೊಂದನ್ನು ಹಾಕಿಕೊಟ್ಟು ಕಳಿಸುವವರು ಊರಿನವರೇ. ಊರಿನಲ್ಲಿ ಹೊಸ ತಿಂಗಳಿನದು ಇಲ್ಲದಿದ್ದರೆ ‘ಹೊಸ ಲಾಟಿಂದು ತರಿಸಿಕೊಡಿ, ಎರಡು ದಿನ ಕಾಯ್ತೀವಿ’ ಅನ್ನಿ. ಈಗಿರೋದು ಪೂರ್ತಿ ಸಾಯುವ ಮೊದಲೇ, ಸೆಲ್ಫ್ ಎಳೆದೆಳೆದು ಹೊಡೆಯೋಕೆ ಶುರು ಮಾಡಿದಾಗಲೇ ಹೋಗಿ ಕೇಳಿದರೆ ಹಾಗೆ ಕಾಯಬಹುದು. ಗಾಡಿ ನಿಂತುಹೋದ ಮೇಲೆ ಹೋದರೆ ಅಟ್ಟದ ಮೇಲಿನದೇ ಗತಿ.

ಹೊಸದಕ್ಕೆ ದುಡ್ಡು ಕೊಡುವ ಮೊದಲು ಹಳೇದು ನಿಜಕ್ಕೂ ಸತ್ತಿದೆಯಾ ಅಂತಲೂ ನೋಡಿ. ಕಂಬದ ಮೇಲಿನ ಬಿಳಿ ಹಸಿರು ಪುಡಿಯನ್ನು ಬಿಸಿನೀರು, ಅಡುಗೆ ಸೋಡಾ ಹಾಕಿ ತೊಳೆದು ಬಿಗಿ ಮಾಡಿ. ಎಂಜಿನ್ ಓಡುವಾಗ ಮಲ್ಟಿಮೀಟರ್ 13.8ರಿಂದ 14.5ರ ನಡುವೆ ತೋರಿಸಬೇಕು. 13ಕ್ಕಿಂತ ಕೆಳಗಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡ್ತಿಲ್ಲ. 15 ದಾಟಿದರೆ ಬ್ಯಾಟರಿಯನ್ನು ಬೇಯಿಸುತ್ತಿದೆ. ಎರಡರಲ್ಲಿ ಯಾವುದಿದ್ದರೂ ಹೊಸ ಬ್ಯಾಟರಿ ಅದೇ ದಾರಿ ಹಿಡಿಯುತ್ತೆ. ಆಗ ‘ಗಾಡಿ ವೈರಿಂಗ್ ದೋಷ’ ಅಂತ ಕ್ಲೇಮ್ ತಿರಸ್ಕರಿಸಿದರೆ ಅವರದ್ದು ತಪ್ಪೂ ಅಲ್ಲ.

ಬಿಲ್ ವಿಷಯ ಒಂದು ಉಳಿದಿದೆ. ‘ಕಾರ್ ಬ್ಯಾಟರಿ – 1’ ಅಂತ ಬರೆದ ಚೀಟಿ ಬಿಲ್ ಅಲ್ಲ. ಜಿಎಸ್‌ಟಿ ಬಿಲ್‌ನಲ್ಲಿ ಮಾಡೆಲ್, ಎಎಚ್, ಸೀರಿಯಲ್ ನಂಬರ್ ಮತ್ತು ಹಳೇ ಬ್ಯಾಟರಿಗೆ ಹಿಡಿದ ಮೊತ್ತ ಬರೆಸಿ. ಕಾರ್ಡಿನ ಮೇಲೆ ಮಾರಿದ ದಿನಾಂಕ ಮತ್ತು ಸೀಲ್ ಅಲ್ಲೇ ಹಾಕಿಸಿ. ದಿನಾಂಕ ಖಾಲಿ ಬಿಟ್ಟ ಕಾರ್ಡಿಗೆ ತಯಾರಾದ ತಿಂಗಳಿನಿಂದಲೇ ಎಣಿಕೆ ಶುರು ಮಾಡುವ ಷರತ್ತು ಇರಬಹುದು. ಎಂಟು ತಿಂಗಳು ಹಳೆಯ ಬ್ಯಾಟರಿಯಾದರೆ ಅಷ್ಟೂ ನಿಮ್ಮ ಉಚಿತ ಅವಧಿಯಿಂದ ಹೋಯಿತು. ಈಗ ಹಲವು ಕಡೆ ಮೊಬೈಲಿನಲ್ಲೇ ನೋಂದಣಿ ಮಾಡ್ತಾರೆ, ನಿಮ್ಮ ನಂಬರಿಗೆ ಮೆಸೇಜ್ ಬಂದ ಮೇಲೆ ಅಂಗಡಿ ಬಿಡಿ. ಡೀಲರ್ ಸುಮ್ಮನೆ ಆಟ ಆಡಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅದಕ್ಕೂ ಬಗ್ಗದಿದ್ದರೆ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು. ಅಲ್ಲಿ ಕೇಳುವ ಮೊದಲ ಕಾಗದವೂ ಈ ಬಿಲ್ಲೇ.

ಅಂಗಡಿಯವರಲ್ಲೂ ನಮ್ಮದೊಂದು ಕೋರಿಕೆ ಇದೆ. ಲೋಡ್ ಇಳಿಸಿಕೊಂಡ ದಿನ ಪ್ರತಿ ಬ್ಯಾಟರಿಯ ಮೇಲೆ ತಯಾರಾದ ತಿಂಗಳನ್ನು ದಪ್ಪ ಮಾರ್ಕರ್‌ನಲ್ಲಿ ಕನ್ನಡದಲ್ಲೇ ಬರೆದುಬಿಡಿ, ಕೊನೆಯ ಸಲ ಚಾರ್ಜ್ ಹಾಕಿದ ತಾರೀಕನ್ನು ಅದರ ಕೆಳಗೆ. ಒಂದು ಮಾರ್ಕರ್ ಇಪ್ಪತ್ತೈದು ರೂಪಾಯಿ. ಹಳೇದು ಮುಂದೆ, ಹೊಸದು ಹಿಂದೆ ಇಡೋಕೆ ನಿಮಗೂ ಅನುಕೂಲ. ಊರಿನ ಯಾವ ಅಂಗಡಿ ಇದನ್ನು ಮೊದಲು ಶುರು ಮಾಡುತ್ತೋ, ರಜಕ್ಕೆ ಊರಿಗೆ ಬಂದಾಗ ನಮ್ಮ ಮನೆಗಳ ಬ್ಯಾಟರಿ ಅಲ್ಲಿಂದಲೇ.